ಅಜ್ಜಿ ಮನೆಯ ಸರಸ್ವತಿ ಪಟ: ಮುಂದೆ ಸಹಿ, ಹಿಂದೆ ಮುದ್ರೆ. ಒರಿಜಿನಲ್ಲಾ, ಪ್ರಿಂಟಾ?

ಶಿಡ್ಲಘಟ್ಟದ ಹುಡುಗ (ಶನಿವಾರ, ರಾತ್ರಿ 9:10)

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದ ಹತ್ತಿರ ನಮ್ಮ ಅಜ್ಜಿ ಮನೆ. ಹಳೇ ಹೆಂಚಿನ ಮನೆ, ಈಗ ರಿಪೇರಿ ನಡೀತಿದೆ. ದೇವರ ಮನೆಯ ಪಟಗಳನ್ನೆಲ್ಲ ಇಳಿಸುವಾಗ ಸರಸ್ವತಿ ಪಟ ಕೈಗೆ ಬಂತು. ವೀಣೆ, ನವಿಲು, ಬಂಡೆ ಮೇಲೆ ಕೂತಿರುವ ಸರಸ್ವತಿ. ಗಾಜಿನ ಮೇಲೆ ವರ್ಷಗಟ್ಟಲೆ ಕುಂಕುಮ, ಎಣ್ಣೆ ಜಿಡ್ಡು. ಒರೆಸಿದ ಮೇಲೆ ಕೆಳಗಿನ ಮೂಲೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ರವಿ ವರ್ಮ' ಅಂತ ಸಹಿ ಕಂಡಿತು.

ಹಿಂದೆ ಹಾರ್ಡ್‌ಬೋರ್ಡ್ ಇದೆ. ಅದರ ಮೇಲೆ ನೇರಳೆ ಬಣ್ಣದ ಗುಂಡು ಮುದ್ರೆ. ಮೇಲೆ ಕಿರೀಟದ ಹಾಗೆ ಏನೋ ಇದೆ, ಉಳಿದದ್ದು ಅಳಿಸಿಹೋಗಿದೆ. ನಮ್ಮ ದೊಡ್ಡಪ್ಪ ಅದನ್ನು ನೋಡಿದ್ದೇ ತಡ, 'ಇದು ಅರಮನೆ ಮುದ್ರೆ ಕಣೋ, ನಮ್ಮ ಮುತ್ತಾತ ಮೈಸೂರಿಂದ ತಂದಿದ್ದು' ಅಂದುಬಿಟ್ಟರು. ಊರಿಗೆ ಹಳೇ ಸಾಮಾನು ಕೊಳ್ಳಲು ಬರುವ ಒಬ್ಬರು ಸಹಿ ನೋಡಿ 'ಲಕ್ಷದ ಮಾತು' ಅಂದರಂತೆ. ಈಗ ಮನೆಯಲ್ಲಿ ಪಟ ಯಾರಿಗೆ ಅನ್ನೋದೇ ದೊಡ್ಡ ಸುದ್ದಿ.

ಗಾಜಿನೊಳಗಿನ ಅಳತೆ ಸುಮಾರು 19.5 ಇಂಚು ಎತ್ತರ, 13.5 ಇಂಚು ಅಗಲ. ಹತ್ತಿರದಿಂದ ನೋಡಿದರೆ ಬಟ್ಟೆಯ ನೇಯ್ಗೆ ಕಾಣುತ್ತೆ. 3 ಫೋಟೋ ಹಾಕಿದ್ದೀನಿ. ಫೋಟೋ ನೋಡಿ ಹೇಳೋಕೆ ಆಗುತ್ತಾ?

ತುಮಕೂರು ಆಫ್‌ಸೆಟ್ (9:32)

ನಾನು 22 ವರ್ಷದಿಂದ ಪ್ರಿಂಟಿಂಗ್ ಪ್ರೆಸ್ಸಲ್ಲಿ ಇದ್ದೀನಿ. ಮದುವೆ ಕಾರ್ಡಿಂದ ಹಿಡಿದು ಕ್ಯಾಲೆಂಡರ್ ತನಕ ಎಲ್ಲ ಓಡಿಸಿದ್ದೀನಿ. ಪ್ರಿಂಟ್ ಅಂದ್ರೆ ಚುಕ್ಕಿ. ನಾಲ್ಕು ಬಣ್ಣದ ಚುಕ್ಕಿ ಸೇರಿ ಸಣ್ಣ ಹೂವಿನ ಹಾಗೆ ಸಾಲಾಗಿ ಕೂತಿರುತ್ತೆ. ಆ ಹೂವು ಕಂಡರೆ ಪ್ರಿಂಟ್, ಕಾಣದಿದ್ದರೆ ಕೈಕೆಲಸ. ನಿಮ್ಮ ಫೋಟೋನ ಪೂರ್ತಿ ಜೂಮ್ ಮಾಡಿದೆ, ಒಂದು ಚುಕ್ಕಿಯೂ ಇಲ್ಲ. ಸಹಿಯಲ್ಲೂ ಇಲ್ಲ. ಮೇಲಾಗಿ ಬಟ್ಟೆ ನೇಯ್ಗೆ ಕಾಣ್ತಿದೆ ಅಂತೀರಿ. ನನ್ನ ಲೆಕ್ಕದಲ್ಲಿ ಇದು ಒರಿಜಿನಲ್. ದೊಡ್ಡಪ್ಪನ ಕೈಗೆ ಕೊಡಬೇಡಿ 😀

ಗೌರಿಬಿದನೂರು ನಂಜು (9:41)

ಸಹಿ ಮತ್ತು ಮುದ್ರೆ ಅಂದ್ರೆ ನೋಟರಿ ಮುದ್ರೆನಾ? ನಮ್ಮದೂ ಒಂದು ಹಳೇ ಕ್ರಯಪತ್ರ ಇದೆ, ಹಿಂದೆ ಗುಂಡು ಸೀಲು. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ದೃಢೀಕೃತ ನಕಲು ತೆಗೆಸಿದರೆ ಗೊತ್ತಾಗುತ್ತೆ ಬಿಡಿ.

ಶಿಡ್ಲಘಟ್ಟದ ಹುಡುಗ (9:44)

ನಂಜಣ್ಣ, ಇದು ದೇವರ ಪಟ. ಪತ್ರ ಅಲ್ಲ.

ಕಾಗದದ ಅಕ್ಕ (10:25)

ನಾನು ಹಳೇ ಕಾಗದ, ಪಟ, ನಕ್ಷೆ ಸರಿಮಾಡುವ ಕೆಲಸದಲ್ಲಿ ಇದ್ದವಳು. ಈಗ ತುಮಕೂರಲ್ಲಿ ಮನೆಯಲ್ಲೇ ಇದ್ದೀನಿ. ಆಫ್‌ಸೆಟ್ ಅಣ್ಣ ಹೇಳಿದ ಹೂವಿನ ಚುಕ್ಕಿ ವಿಷಯ ನಿಜ. ಆದರೆ ಇಲ್ಲಿ ಅದರಿಂದ ಏನೂ ಗೊತ್ತಾಗಲ್ಲ. ಎರಡು ಕಾರಣ.

ಮೊದಲನೇದು ಫೋಟೋದ್ದು. ನೀವು ಹಾಕಿರುವ ಪಟದ ಫೋಟೋ ವಾಟ್ಸಾಪ್‌ನಿಂದ ಬಂದಿದ್ದು, ಎತ್ತರ 1600 ಪಿಕ್ಸೆಲ್ ಇದೆ. ಪಟ ಹತ್ತಿರಹತ್ತಿರ 20 ಇಂಚು. ಅಂದ್ರೆ ಒಂದು ಇಂಚಿಗೆ 80 ಪಿಕ್ಸೆಲ್, ಒಂದು ಮಿಲಿಮೀಟರಿಗೆ ಮೂರು. ಸಾಮಾನ್ಯ ಆಫ್‌ಸೆಟ್ ಪ್ರಿಂಟಲ್ಲಿ ಒಂದು ಮಿಲಿಮೀಟರಿಗೆ ಸುಮಾರು ಆರು ಚುಕ್ಕಿ ಇರುತ್ತೆ. ಮೂರು ಪಿಕ್ಸೆಲ್ಲಿನ ಜಾಗದಲ್ಲಿ ಆರು ಚುಕ್ಕಿ ಹೇಗೆ ಕಾಣಬೇಕು? ಇವತ್ತು ಬೆಳಿಗ್ಗೆ ಛಾಪಿಸಿದ ಕ್ಯಾಲೆಂಡರನ್ನು ಹೀಗೆ ತೆಗೆದು ಕಳಿಸಿದರೂ ಚುಕ್ಕಿ ಕಾಣಲ್ಲ. ಜೂಮ್ ಮಾಡಿದಾಗ ಸಣ್ಣ ಚೌಕ ಚೌಕ ಕಾಣುತ್ತಲ್ಲ, ಅದು ಫೋಟೋನ ಕುಗ್ಗಿಸಿದಾಗ ಹುಟ್ಟುವ ಕಲೆ. ಕೆಲವರು ಅದನ್ನೇ ಕ್ಯಾನ್ವಾಸ್ ನೇಯ್ಗೆ ಅಂದುಕೊಳ್ಳುತ್ತಾರೆ.

ಎರಡನೇದು ಮುಖ್ಯ. ರವಿ ವರ್ಮ ಕಾಲದ ಪಟಗಳು ಆಫ್‌ಸೆಟ್ ಅಲ್ಲವೇ ಅಲ್ಲ. ಕಲ್ಲಚ್ಚು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಕೆಲಸಗಾರರು ಕಲ್ಲಿನ ಮೇಲೆ ಕೈಯಿಂದಲೇ ಕಾಳು ಕಾಳಾಗಿ ಚುಕ್ಕಿ ಇಡುತ್ತಿದ್ದರು. ಅದರಲ್ಲಿ ಸಾಲಾದ ಹೂವು ಹುಡುಕಿದರೆ ಸಿಗಲ್ಲ. ಹೂವು ಸಿಗಲಿಲ್ಲ ಅಂತ ಒರಿಜಿನಲ್ ಅನ್ನೋದು, ಹಲಸಿನ ಮರದಲ್ಲಿ ಮಾವು ಹುಡುಕಿ ಮರವೇ ಬಂಜೆ ಅಂದ ಹಾಗೆ.

ಸಹಿ ಇದೆ ಅನ್ನೋದರಿಂದಲೂ ಏನೂ ಆಗಲ್ಲ. ಮೂಲ ಚಿತ್ರ ನೋಡಿಕೊಂಡು ಕಲ್ಲಿಗೆ ಇಳಿಸುವಾಗ ಸಹಿಯನ್ನೂ ಇಳಿಸಿದ್ದಾರೆ. ಹಾಗಾಗಿ ಅಚ್ಚಾದ ಪ್ರತಿಯೊಂದು ಹಾಳೆಯಲ್ಲೂ ಅದು ಬಂದಿದೆ. ಈ ಸರಸ್ವತಿಯ ಮೂಲ ಎಣ್ಣೆಬಣ್ಣದ ಚಿತ್ರ 1896ರದ್ದು, ಬರೋಡಾದಲ್ಲಿದೆ. ಹಾಗಂತ ಇನ್ನೊಂದು ಇರಲೇಬಾರದು ಅಂತಲ್ಲ. ಆದರೆ 20ಕ್ಕೆ 14 ಇಂಚು ಅನ್ನೋದು ಅಚ್ಚಿನ ಪಟಗಳಲ್ಲಿ ತುಂಬಾ ಸಾಮಾನ್ಯ ಅಳತೆ. ಅದು ನೋಡಿದ ತಕ್ಷಣ ನನಗೆ ಅನುಮಾನ ಬಂತು.

ಈಗಲೇ ತೀರ್ಪು ಬೇಡ. ನಾಳೆ ಬೆಳಿಗ್ಗೆ ಇಷ್ಟು ಮಾಡಿ. ಕಿಟಕಿ ಪಕ್ಕ ಪಟ ಇಡಿ. ಫ್ಲ್ಯಾಶ್ ಬೇಡ. ಸಹಿಯ ಪಕ್ಕ ಒಂದು ಸ್ಕೇಲ್ ಇಟ್ಟು, 4 ಸೆಂಟಿಮೀಟರ್ ಜಾಗ ಮಾತ್ರ ಫೋಟೋ ತುಂಬುವ ಹಾಗೆ ತೆಗೀರಿ. ಹಾಗೇ ಕೆನ್ನೆ ಒಂದು, ತುಟಿ ಒಂದು. ಆಮೇಲೆ ಬೆಳಕು ಪಕ್ಕದಿಂದ ಓರೆಯಾಗಿ ಬೀಳುವ ಹಾಗೆ ತಿರುಗಿಸಿ ಬಂಡೆ ಭಾಗದ್ದು ಒಂದು. ಕಳಿಸುವಾಗ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲಾಂದ್ರೆ ಮತ್ತೆ 1600ಕ್ಕೆ ಬಂದು ನಿಲ್ಲುತ್ತೆ.

ತುಮಕೂರು ಆಫ್‌ಸೆಟ್ (10:40)

ಅಕ್ಕ, ಫೋಟೋ ಲೆಕ್ಕ ಒಪ್ಪಿದೆ. ನಾನೇ ಎಷ್ಟು ಸಲ ಗಿರಾಕಿಗಳಿಗೆ 'ವಾಟ್ಸಾಪ್ ಫೋಟೋ ಕೊಡಬೇಡಿ, ಪ್ರಿಂಟ್ ಬರಲ್ಲ' ಅಂತ ಬೈದಿದ್ದೀನಿ. ಆದರೆ ನೇಯ್ಗೆ? ಅವರು ಕಣ್ಣಾರೆ ನೋಡಿ ಹೇಳ್ತಿದ್ದಾರೆ. ಕಾಗದಕ್ಕೆ ನೇಯ್ಗೆ ಎಲ್ಲಿಂದ ಬರಬೇಕು?

ಕಾಗದದ ಅಕ್ಕ (10:48)

ಒತ್ತಿ ಬರಿಸುತ್ತಿದ್ದರು. ಅಚ್ಚಾದ ಮೇಲೆ ಹಾಳೆಯನ್ನು ನೇಯ್ಗೆ ಗುರುತಿರುವ ರೋಲರ್ ಅಡಿ ಹಾಯಿಸಿ, ಮೇಲೆ ವಾರ್ನಿಷ್ ಹೊಡೆದರೆ ಎಣ್ಣೆಬಣ್ಣದ ಚಿತ್ರದ ಹಾಗೇ ಕಾಣುತ್ತೆ. ಓಲಿಯೋಗ್ರಾಫ್ ಅನ್ನುವ ಹೆಸರು ಬಂದಿದ್ದೇ ಎಣ್ಣೆಬಣ್ಣದ ನೋಟಕ್ಕಾಗಿ. ಅದಕ್ಕೇ ಓರೆ ಬೆಳಕಿನ ಫೋಟೋ ಕೇಳಿದ್ದು.

ಕೋಲಾರದವಳು (11:02)

ಮಧ್ಯದಲ್ಲಿ ಬಾಯಿ ಹಾಕ್ತಿದ್ದೀನಿ, ಬೈಬೇಡಿ. ನಮ್ಮ ಮನೇಲಿ ಒಂದು ಚಿತ್ರ ಇದೆ, ಹಳ್ಳಿ ಸಂತೆಯದ್ದು. ನನ್ನ ಗಂಡ ಬೆಂಗಳೂರಲ್ಲಿ 18 ಸಾವಿರ ಕೊಟ್ಟು ತಂದರು. ಕೆಳಗೆ ಬಿಳಿ ಅಂಚಲ್ಲಿ ಎಡಕ್ಕೆ ಪೆನ್ಸಿಲಲ್ಲಿ 37/150, ಬಲಕ್ಕೆ ಪೆನ್ಸಿಲ್ ಸಹಿ. ಕೈ ಸಹಿ ಅಂದ ಮೇಲೆ ಒರಿಜಿನಲ್ ತಾನೆ? ನಮ್ಮ ನಾದಿನಿ ಬಂದಾಗೆಲ್ಲ 'ಇದು ಪೋಸ್ಟರ್' ಅಂತಾಳೆ.

ಕಾಗದದ ಅಕ್ಕ (11:20)

ಇದು ಶಿಡ್ಲಘಟ್ಟದವರ ಪಟಕ್ಕಿಂತ ಬೇರೆ ಥರದ ತೊಡಕು. ಅಲ್ಲಿ ಸಹಿಯೂ ಅಚ್ಚಾಗಿರಬಹುದು. ನಿಮ್ಮಲ್ಲಿ ಸಹಿ ನಿಜವಾಗಿ ಕೈಯದೇ ಇದ್ದು, ಚಿತ್ರ ಮಾತ್ರ ಅಚ್ಚಾಗಿರಬಹುದು. 37/150 ಅಂದ್ರೆ 150 ಪ್ರತಿ ಮಾಡಿದ್ದಾರೆ, ನಿಮ್ಮದು 37ನೇದು. ಅಲ್ಲಿಗೇ ಅದು ಒಂದೇ ಒಂದು ಇರುವ ಚಿತ್ರ ಅಲ್ಲ.

ಆದರೆ ಅದರಲ್ಲೂ ಎರಡು ಬಗೆ. ಕಲಾವಿದರು ತಾವೇ ತಾಮ್ರದ ತಗಡಲ್ಲೋ ಕಲ್ಲಲ್ಲೋ ಕೆತ್ತಿ, ಬರೆದು ಅಚ್ಚು ತೆಗೆದಿದ್ದರೆ ಅದು ಕಲಾಕೃತಿಯೇ. ಬರೆದ ಚಿತ್ರದ ಫೋಟೋ ತೆಗೆದು ಮೆಷಿನ್ನಲ್ಲಿ ಹೊಡೆಸಿ ಕೆಳಗೆ ಸಹಿ ಹಾಕಿದ್ದರೆ ಅದು ಸಹಿ ಹಾಕಿದ ಪ್ರತಿ. ಬೆಲೆಯಲ್ಲಿ ತುಂಬಾ ವ್ಯತ್ಯಾಸ. ಪೆನ್ಸಿಲ್ ಸಹಿಯನ್ನು ಬೆಳಕಿಗೆ ಓರೆ ಹಿಡಿದು ನೋಡಿ, ಸೀಸ ಮಿನುಗಬೇಕು, ಕಾಗದ ಸ್ವಲ್ಪ ತಗ್ಗಾಗಿರಬೇಕು. ಆಮೇಲೆ ಚಿತ್ರದೊಳಗೆ ತಿಳಿ ಬಣ್ಣದ ಜಾಗ ಹುಡುಕಿ, ಆಕಾಶದ ಹಾಗೆ. ಅಲ್ಲಿ ಭೂತಗನ್ನಡಿ ಇಡಿ. ಅಲ್ಲಿ ಆಫ್‌ಸೆಟ್ ಅಣ್ಣನ ಹೂವು ಕೆಲಸಕ್ಕೆ ಬರುತ್ತೆ.

ಕೋಲಾರದವಳು (11:51)

ನೋಡಿದೆ. ಸಹಿ ಮಿನುಗುತ್ತೆ. ಆಕಾಶದಲ್ಲಿ ಹೂವು ಹೂವು ಹೂವು. ನಾದಿನಿಗೆ ಹೇಳಲ್ಲ.

ಕಟ್ಟಿನ ಅಂಗಡಿ (ಭಾನುವಾರ, ಬೆಳಿಗ್ಗೆ 7:15)

ನಮ್ಮದು ತಿಪಟೂರು ಕಡೆ ಫೋಟೋ ಕಟ್ಟು ಹಾಕುವ ಅಂಗಡಿ, ಅಪ್ಪನ ಕಾಲದಿಂದ. ಆ ನೇರಳೆ ಮುದ್ರೆ ನೋಡಿ ನಗು ಬಂತು. ಕ್ಷಮಿಸಿ. ಆ ಥರದ್ದು ನಮ್ಮ ಅಂಗಡೀಲೂ ಇದೆ. ಕಟ್ಟು ಹಾಕಿದ ಮೇಲೆ ಹಿಂದಿನ ಬೋರ್ಡಿಗೆ ಒಂದು ಹೊಡೀತೀವಿ. ಅಂಗಡಿ ಹೆಸರು, ಊರು, ಅಷ್ಟೇ.

ಮುದ್ರೆ ಎಲ್ಲಿದೆ ಅಂತ ಮೊದಲು ನೋಡಬೇಕು. ಹಾಳೆಯ ಮೈ ಮೇಲೇ ಇದ್ದರೆ ಅದರ ಮಾತು ಬೇರೆ. ಬೋರ್ಡ್ ಮೇಲಿದ್ದರೆ ಅದು ಬೋರ್ಡಿನ ಕಥೆ ಮಾತ್ರ ಹೇಳುತ್ತೆ. ಹಾರ್ಡ್‌ಬೋರ್ಡ್ ಹಾಕಿದ್ದಾರೆ ಅಂದ್ರೆ ಕಟ್ಟು ಒಮ್ಮೆ ಬದಲಾಗಿದೆ ಅಂತ ನನ್ನ ಅನಿಸಿಕೆ. ನಮ್ಮ ತಾತನ ಕಾಲದ ಪಟ ಬಿಚ್ಚಿದರೆ ಒಳಗೆ ತೆಳು ಹಲಗೆ, ಅದರ ಸಂದಿಗೆ ಹಳೇ ಪೇಪರು ಅಂಟಿಸಿರುತ್ತಿದ್ದರು.

ಮುದ್ರೆಯನ್ನು ಹಗಲು ಬೆಳಕಲ್ಲಿ ನೇರವಾಗಿ ತೆಗೆದು, ಫೋನಲ್ಲೇ ಕಪ್ಪು ಬಿಳುಪು ಮಾಡಿ ಕಾಂಟ್ರಾಸ್ಟ್ ಏರಿಸಿ. ಅರ್ಧ ಅಕ್ಷರ ಎದ್ದು ಬರುತ್ತೆ. ಮುದ್ರೆ ಮೇಲೆ ನೀರು ಗೀರು ಹಾಕಬೇಡಿ, ನೇರಳೆ ಶಾಯಿ ಹರಿದುಬಿಡುತ್ತೆ.

ಶಿಡ್ಲಘಟ್ಟದ ಹುಡುಗ (11:30)

ಮಾಡಿದೆ. ಹೊಸ ಫೋಟೋ ಎಲ್ಲ ಹಾಕಿದ್ದೀನಿ. ಮೊದಲು ಮುದ್ರೆ. ಕಪ್ಪು ಬಿಳುಪು ಮಾಡಿದ ಮೇಲೆ ಆ ಕಿರೀಟ ಕಿರೀಟ ಅಲ್ಲ. 'ಶ್ರೀ' ಅಂತ ಅಲಂಕಾರವಾಗಿ ಬರೆದಿರೋದು, ಮೇಲಿನ ಗುಡಿಸು ಕಿರೀಟದ ಹಾಗೆ ಕಂಡಿದೆ. ಅಂಗಡಿ ಹೆಸರು ಹೋಗಿದೆ. ಕೆಳಗೆ 'ಗ್ಲಾಸ್' ಓದಬಹುದು. ಅದರ ಕೆಳಗೆ 'ಚಿಕ್ಕಬಳ್ಳಾಪುರ 562101', ಕೊನೇ ಸಾಲು 'ಕೋಲಾರ ಜಿ'.

ದೊಡ್ಡಪ್ಪನಿಗೆ ತೋರಿಸಿದೆ. 'ಮೈಸೂರಿಂದ ಚಿಕ್ಕಬಳ್ಳಾಪುರಕ್ಕೆ ಬಂದಿರಬಹುದು' ಅಂದರು.

ಪಾವಗಡದ ಮೇಷ್ಟ್ರು (11:52)

ಇದು ಚೆನ್ನಾಗಿದೆ. ಆ ಎರಡು ಸಾಲಲ್ಲೇ ಕಾಲ ಇದೆ ನೋಡಿ. ಪಿನ್‌ಕೋಡ್ ಬಂದಿದ್ದು 1972ರ ಆಗಸ್ಟ್ 15ಕ್ಕೆ. ಅದಕ್ಕಿಂತ ಮುಂಚೆ ಮಾಡಿಸಿದ ರಬ್ಬರ್ ಸ್ಟಾಂಪಲ್ಲಿ 562101 ಇರಲು ಸಾಧ್ಯವೇ ಇಲ್ಲ. ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆ ಆಗಿದ್ದು 2007ರಲ್ಲಿ. ಹಾಗಾದರೆ ಈ ಸ್ಟಾಂಪ್ ಮಾಡಿಸಿದ್ದು 1972ರಿಂದ 2007ರ ನಡುವೆ. ಅರಮನೆ ಮಾತು ಇಲ್ಲಿಗೆ ಮುಗೀತು.

ಕಟ್ಟಿನ ಅಂಗಡಿ (12:05)

ಮೇಷ್ಟ್ರೇ, ಒಂದು ತಿದ್ದುಪಡಿ. ಸ್ಟಾಂಪ್ ಮಾಡಿಸಿದ್ದು ಆ ನಡುವೆ, ಒಪ್ಪಿದೆ. ಹೊಡೆದಿದ್ದು 2007 ಆದ ಮೇಲೂ ಇರಬಹುದು. ಜಿಲ್ಲೆ ಬದಲಾಯಿತು ಅಂತ ನಾವು ಯಾರೂ ಮಾರನೇ ದಿನ ಹೊಸ ಸ್ಟಾಂಪ್ ಮಾಡಿಸಲ್ಲ. ನಮ್ಮ ಅಂಗಡಿ ಸ್ಟಾಂಪಲ್ಲಿ ಈಗಲೂ ಹಳೇ ಫೋನ್ ನಂಬರ್ ಇದೆ.

ಕಾಗದದ ಅಕ್ಕ (12:40)

ಮೇಷ್ಟ್ರು, ಅಂಗಡಿಯವರು ಇಬ್ಬರೂ ಹೇಳಿದ್ದು ಸರಿ. ಮುದ್ರೆಯಿಂದ ಕಟ್ಟಿನ ವಯಸ್ಸು ಗೊತ್ತಾಯಿತು. ಒಳಗಿನ ಹಾಳೆಯ ವಯಸ್ಸು ಅಲ್ಲ. ಹಾಳೆ ನೂರು ವರ್ಷದ್ದಿರಬಹುದು, ಕಟ್ಟಿಗಿಂತ ಎರಡು ದಿನ ಮುಂಚೆ ಕೊಂಡಿದ್ದೂ ಇರಬಹುದು.

ಈಗ ಸಹಿಯ ಫೋಟೋ. ಚೆನ್ನಾಗಿ ತೆಗೆದಿದ್ದೀರಿ, ಸ್ಕೇಲಿನ ಗೀಟು ಕೂಡ ಚೂಪಾಗಿದೆ. ಅಕ್ಷರಗಳು ಕಂದು ಬಣ್ಣ, ಒಂದೇ ಸಮ. ಆಫ್‌ಸೆಟ್ ಅಣ್ಣ ಮತ್ತೆ 'ಚುಕ್ಕಿ ಇಲ್ಲ' ಅನ್ನಬಹುದು. ನಿಜ, ಇಲ್ಲ. ಕಲ್ಲಚ್ಚಿನಲ್ಲಿ ಗೆರೆಯನ್ನು ಒಂದೇ ಕಲ್ಲಿಂದ ತುಂಬು ಶಾಯಿಯಲ್ಲಿ ಎತ್ತುತ್ತಾರೆ. ಹಾಗಾಗಿ ಸಹಿ ಮಾತ್ರ ನೋಡಿದರೆ ಬ್ರಷ್ಷಿನ ಗೆರೆ ಅನಿಸಿಬಿಡುತ್ತೆ. ಎಷ್ಟೋ ಜನ ಮೋಸ ಹೋಗೋದು ಇಲ್ಲೇ. ಸಹಿಯನ್ನೇ ದಿಟ್ಟಿಸಿ ನೋಡ್ತಾರೆ, ಪಕ್ಕ ನೋಡಲ್ಲ.

ಬ್ರಷ್ಷಿನಲ್ಲಿ ಬರೆದರೆ ಬಣ್ಣ ಮೊದಲು ದಪ್ಪ ಬಿದ್ದು ಎಳೆಯುತ್ತಾ ಎಳೆಯುತ್ತಾ ತೆಳುವಾಗುತ್ತೆ. ಗೆರೆ ಮೇಲೆ ಗೆರೆ ದಾಟುವ ಕಡೆ ಸಣ್ಣ ದಿಣ್ಣೆ ಏಳುತ್ತೆ. ನಿಮ್ಮ ಫೋಟೋದಲ್ಲಿ ಎರಡನೇ ಪದದ ಮೊದಲ ಅಕ್ಷರದ ಎರಡು ಕಾಲೂ ಆರಂಭದಿಂದ ಕೊನೆ ತನಕ ಒಂದೇ ಬಣ್ಣ, ಒಂದೇ ಮಟ್ಟ. ಕೆಳಗೆ ಸೇರುವ ಕಡೆ ದಿಣ್ಣೆ ಇಲ್ಲ. ಒತ್ತಿದ ನೇಯ್ಗೆಯ ಗುರುತು ಅಕ್ಷರದ ಮೇಲೂ ಹಾಗೇ ಹಾದುಹೋಗಿದೆ.

ಇನ್ನು ಕೆನ್ನೆ ನೋಡಿ. ದೂರಕ್ಕೆ ನುಣ್ಣಗಿದೆ. ಈ ಫೋಟೋದಲ್ಲಿ ತೆಳು ಗುಲಾಬಿ, ಹಳದಿ, ಬೂದು ಕಾಳು ಚೆಲ್ಲಿದ ಹಾಗಿದೆ. ಸಾಲಿಲ್ಲ, ಲೆಕ್ಕ ಇಲ್ಲ, ರಾಗಿ ಚೆಲ್ಲಿದ ಹಾಗೆ. ಅದೇ ಕೈಯಿಂದ ಇಟ್ಟ ಚುಕ್ಕಿ. ತುಟಿಯ ಫೋಟೋದಲ್ಲಿ ಕೆಂಪು ಬಣ್ಣ ಗೆರೆಯಿಂದ ಅರ್ಧ ಮಿಲಿಮೀಟರ್ ಕೆಳಕ್ಕೆ ಜಾರಿದೆ. ಕೆಂಪಿನ ಕಲ್ಲಿಗೆ ಹಾಳೆ ಇಡುವಾಗ ಕೂದಲೆಳೆ ಆಚೀಚೆ ಆಗಿದೆ ಅಷ್ಟೇ. ಕೈಯಲ್ಲಿ ಬರೆಯುವ ಯಾವ ಚಿತ್ರಕಾರನೂ ಇಡೀ ತುಟಿಯನ್ನು ಒಂದೇ ಅಳತೆಯಲ್ಲಿ ಕೆಳಕ್ಕೆ ಸರಿಸಲ್ಲ.

ಓರೆ ಬೆಳಕಿನ ಬಂಡೆ ಫೋಟೋ ಅಂತೂ ಮಾತಾಡುತ್ತೆ. ನೇಯ್ಗೆ ಎಲ್ಲ ಕಡೆ ಒಂದೇ ಸಮ. ನಿಜವಾದ ಕ್ಯಾನ್ವಾಸಲ್ಲಿ ಬಣ್ಣ ದಪ್ಪ ಇರುವ ಕಡೆ ನೇಯ್ಗೆ ಮುಚ್ಚಿಹೋಗುತ್ತೆ, ತೆಳು ಇರುವ ಕಡೆ ಕಾಣುತ್ತೆ.

ನನ್ನ ಮಟ್ಟಿಗೆ ಇದು ಅಚ್ಚಿನ ಪಟ. ಹಳೇ ಕಲ್ಲಚ್ಚು.

ತುಮಕೂರು ಆಫ್‌ಸೆಟ್ (1:15)

ತುಟಿ ನೋಡಿದ ಮೇಲೆ ನಾನೂ ಬಾಯಿ ಮುಚ್ಚಿದೆ. ಅದು ರಿಜಿಸ್ಟರ್ ಔಟ್. ನಮ್ಮಲ್ಲಿ ದಿನಾ ನೋಡೋದೇ. ಇಷ್ಟು ಹೊತ್ತು ನನ್ನ ತಲೆಗೆ ಯಾಕೆ ಬರಲಿಲ್ಲವೋ.

ಆದರೆ ಒಂದು ಬಿಡಲ್ಲ. ಸೀರೆ ಅಂಚು, ಬಳೆ, ಸೊಂಟದ ಡಾಬು ನೋಡಿ. ಅಲ್ಲಿ ಚಿನ್ನದ ಬಣ್ಣ ಉಬ್ಬಿದೆ. ಓರೆ ಫೋಟೋದ ತುದೀಲಿ ಬಿದ್ದಿರೋ ಬಳೆಗೆ ನೆರಳೂ ಇದೆ. ಅದು ಕಲ್ಲಿಂದ ಬರಲ್ಲ. ಅದು ಬ್ರಷ್ಷು.

ಕಾಗದದ ಅಕ್ಕ (1:33)

ಹೌದು ಅಣ್ಣ, ಅದು ಬ್ರಷ್ಷೇ. ನಾನು ನೋಡೇ ಇರಲಿಲ್ಲ, ಒಳ್ಳೆ ಕಣ್ಣು. ಅಚ್ಚಿನ ಪಟ ಕೊಂಡು ಮನೆಯಲ್ಲಿ ಜರಿ, ಮಿಂಚು, ಸಣ್ಣ ಮಣಿ, ಸೀರೆ ಬಟ್ಟೆ ಅಂಟಿಸಿ ಸಿಂಗಾರ ಮಾಡೋದು ಆಗ ತುಂಬಾ ಇತ್ತು. ಹೆಣ್ಣುಮಕ್ಕಳ ಕೈಕೆಲಸ. ಇಲ್ಲಿ ಯಾರೋ ಚಿನ್ನದ ಬಣ್ಣ ಹಚ್ಚಿದ್ದಾರೆ.

ಇದರಿಂದಲೇ ಇನ್ನೊಂದು ಎಚ್ಚರ. ಫೋಟೋದಲ್ಲಿ ಎಲ್ಲೋ ಒಂದು ಕಡೆ ಉಬ್ಬಿದ ಬಣ್ಣ ಕಂಡರೆ ಇಡೀ ಚಿತ್ರ ಕೈಯದು ಅನ್ನಬಾರದು. ಕೆಲವರು ಸಹಿಯ ಮೇಲೂ ಬ್ರಷ್ ಆಡಿಸಿರುತ್ತಾರೆ. ಈಗಿನ ಕ್ಯಾನ್ವಾಸ್ ಪ್ರಿಂಟ್‌ಗಳಲ್ಲಂತೂ ಮೇಲೆ ಪಾರದರ್ಶಕ ಜೆಲ್ ಬಳಿದು ಬ್ರಷ್ ಗುರುತು ಮೂಡಿಸುತ್ತಾರೆ. ಆ ಗುರುತು ಕೆಳಗಿನ ಚಿತ್ರದ ಆಕಾರ ಹಿಡಿದು ಹೋಗುತ್ತಾ, ಇಲ್ಲ ತನ್ನ ಪಾಡಿಗೆ ಅಡ್ಡಾದಿಡ್ಡಿ ಹೋಗುತ್ತಾ ಅಂತ ನೋಡಬೇಕು.

ಪಾವಗಡದ ಮೇಷ್ಟ್ರು (1:50)

ಹಾಗಾದರೆ ನಿಜವಾದ ಎಣ್ಣೆಬಣ್ಣದ ಚಿತ್ರದಲ್ಲಿ ಸಹಿ ಹೇಗಿರುತ್ತೆ ಅಕ್ಕ? ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿ ವರ್ಮನ ಮೂಲ ಚಿತ್ರಗಳನ್ನು ನೋಡಿದ್ದೆ. ಸಹಿ ಹತ್ತಿರ ಹೋಗಿ ನೋಡಬೇಕು ಅಂತ ಆಗ ಹೊಳೆದಿರಲಿಲ್ಲ.

ಕಾಗದದ ಅಕ್ಕ (2:10)

ಹಳೇ ಎಣ್ಣೆಬಣ್ಣ ಒಣಗಿ ಒಣಗಿ ಬಿರುಕು ಬಿಡುತ್ತೆ. ಚಿತ್ರ ಮುಗಿದಾಗಲೇ ಸಹಿ ಹಾಕಿದ್ದರೆ ಸಹಿಯೂ ಚಿತ್ರದ ಜೊತೆಗೇ ಮುದಿಯಾಗುತ್ತೆ, ಬಿರುಕು ಸಹಿಯನ್ನೂ ಸೀಳಿಕೊಂಡು ಹೋಗುತ್ತೆ. ಎಷ್ಟೋ ವರ್ಷದ ಮೇಲೆ ಯಾರೋ ಹೆಸರು ಸೇರಿಸಿದ್ದರೆ ಹೊಸ ಬಣ್ಣ ಹಳೇ ಬಿರುಕಿನೊಳಗೆ ಇಳಿದು ತುಂಬಿಕೊಂಡಿರುತ್ತೆ. ಒಳ್ಳೆ ಹತ್ತಿರದ ಫೋಟೋ ಇದ್ದರೆ ಇದು ಕಾಣುತ್ತೆ. ಆದರೆ ಫೋಟೋದಿಂದ 'ಇದು ಪ್ರಿಂಟ್' ಅಂತ ಧೈರ್ಯವಾಗಿ ಹೇಳಬಹುದು, 'ಇದು ಅವರದೇ ಕೈ' ಅಂತ ಹೇಳಲು ಬರಲ್ಲ. ಅದಕ್ಕೆ ವಸ್ತುವೇ ಎದುರಿಗಿರಬೇಕು.

ಶಿಡ್ಲಘಟ್ಟದ ಹುಡುಗ (2:30)

ಅಕ್ಕ, ದೊಡ್ಡಪ್ಪ ಒಪ್ಪುತ್ತಿಲ್ಲ. 'ಹತ್ತಿಗೆ ಸ್ಪಿರಿಟ್ ಹಚ್ಚಿ ಒಂದು ಮೂಲೆ ಉಜ್ಜು, ಬಣ್ಣ ಬಂದರೆ ಒರಿಜಿನಲ್' ಅಂತ ಯಾರೋ ಹೇಳಿದ್ದಾರಂತೆ.

ಕಾಗದದ ಅಕ್ಕ (2:34)

ಬೇಡವೇ ಬೇಡ. ವಾರ್ನಿಷ್ ಕರಗಿ ಕಂದು ಬಣ್ಣ ಹತ್ತಿಗೆ ಬರುತ್ತೆ, ಅವರು ಅದನ್ನೇ ಪೇಂಟ್ ಅಂತಾರೆ. ಪಟಕ್ಕೆ ಬಿಳಿ ಕಲೆ ಉಳಿಯುತ್ತೆ. ಸೂಜಿ ಚುಚ್ಚಿ ನೋಡೋದು, ಉಗುರಲ್ಲಿ ಕೆರೆಯೋದು, ಅದೂ ಬೇಡ.

ನಿಮ್ಮ ಕೈಯಲ್ಲೇ ಇನ್ನೂ ಒಂದು ದಾರಿ ಇದೆ. ಗಾಜಿನೊಳಗೆ 19.5ಕ್ಕೆ 13.5 ಕಾಣುತ್ತೆ ಅಂದಿರಿ. ಹಾಳೆಯ ಅಂಚು ಕಟ್ಟಿನ ಕೆಳಗೆ ಸೇರಿಕೊಂಡಿದೆ. ಈ ಪಟಗಳಲ್ಲಿ ಪ್ರೆಸ್ಸಿನ ಹೆಸರು ಸಣ್ಣಕ್ಷರದಲ್ಲಿ ಕೆಳಗಿನ ಅಂಚಲ್ಲೇ ಇರೋದು. ಕಟ್ಟು ಹಾಕುವಾಗ ಅದನ್ನು ಮುಚ್ಚಿಬಿಡುತ್ತಾರೆ, ಇಲ್ಲವೇ ಕತ್ತರಿಸಿ ಹಾಕುತ್ತಾರೆ. ನಿಮ್ಮ ಅದೃಷ್ಟ.

ಕಟ್ಟಿನ ಅಂಗಡಿ (2:50)

ನಮ್ಮವರು ಕತ್ತರಿಸೋದೇ ಜಾಸ್ತಿ. ನಾನೂ ಎಷ್ಟು ಕತ್ತರಿಸಿದ್ದೀನೋ. ಗಿರಾಕಿಗೆ ದೇವರು ಕಂಡರೆ ಸಾಕು.

ತಮ್ಮಾ, ಬಿಚ್ಚುವ ಮುಂಚೆ ಪಟವನ್ನು ಓರೆ ಹಿಡಿದು ನೋಡು. ಗಾಜಿನ ಹಿಂದೆ ಎಲ್ಲಾದರೂ ಒದ್ದೆ ಆದ ಹಾಗೆ ಗಾಢವಾಗಿ ಕಂಡರೆ ಅಲ್ಲಿ ಹಾಳೆ ಗಾಜಿಗೆ ಅಂಟಿದೆ. ಹಾಗಿದ್ದರೆ ಬಿಚ್ಚಬೇಡ, ಎಳೆದರೆ ಸರಸ್ವತಿ ಮುಖ ಗಾಜಿನ ಮೇಲೇ ಉಳಿಯುತ್ತೆ. ಇಲ್ಲ ಅಂದ್ರೆ ಪಟ ಬೋರಲು ಹಾಕು, ಕೆಳಗೆ ಟವೆಲ್ ಇರಲಿ. ಹಿಂದಿನ ಕಂದು ಪೇಪರನ್ನು ಬ್ಲೇಡಲ್ಲಿ ಸೀಳು. ಸಣ್ಣ ಮೊಳೆಗಳನ್ನು ಇಕ್ಕಳದಲ್ಲಿ ನೇರಕ್ಕೆ ಎಳಿ, ಮೀಟಬೇಡ, ಗಾಜು ಒಡೆಯುತ್ತೆ. ಬೋರ್ಡ್ ಎತ್ತುವಾಗ ನಿಧಾನ. ಹಿಂದಿನವರು ಹಾಳೆಯನ್ನು ಬೋರ್ಡಿಗೆ ಮೈದಾ ಅಂಟಲ್ಲಿ ಅಂಟಿಸಿರುತ್ತಿದ್ದರು. ಅಂಟಿದ್ದರೆ ಹಾಗೇ ಬೋರ್ಡ್ ಸಮೇತ ಎತ್ತಿಕೋ, ಬಿಡಿಸಲು ಹೋಗಬೇಡ.

ಶಿಡ್ಲಘಟ್ಟದ ಹುಡುಗ (ಭಾನುವಾರ, ಸಂಜೆ 6:20)

ಬಿಚ್ಚಿದೆ. ದೊಡ್ಡಪ್ಪ ಪಕ್ಕದಲ್ಲೇ ಟಾರ್ಚ್ ಹಿಡಿದು ಕೂತಿದ್ದರು. ಗಾಜಿಗೆ ಅಂಟಿರಲಿಲ್ಲ. ಹಾರ್ಡ್‌ಬೋರ್ಡಿಗೂ ಅಂಟಿಲ್ಲ, ಆದರೆ ಹಾಳೆಯ ಹಿಂದೆ ಇನ್ನೊಂದು ದಪ್ಪ ರಟ್ಟು ಅಂಟಿದೆ. ಅದರ ಅಂಚನ್ನು ಬೆಳ್ಳಿಮೀನು ಹುಳ ತಿಂದು ದಾರದ ಹಾಗೆ ಮಾಡಿದೆ.

ಕಟ್ಟಿನ ಕೆಳಗೆ ಸುಮಾರು 6 ಮಿಲಿಮೀಟರ್ ಅಂಚು ಇತ್ತು. ಅಲ್ಲಿ ಬಣ್ಣ ಹೊಚ್ಚ ಹೊಸದರ ಹಾಗಿದೆ. ಹೊರಗೆ ಹಳದಿ ತಿರುಗಿದ್ದ ಆಕಾಶ ಅಲ್ಲಿ ನೀಲಿ! ಅದರ ಕೆಳಗೆ ಸಣ್ಣಕ್ಷರದ ಇಂಗ್ಲಿಷ್ ಸಾಲು. ಎಡಗಡೆ ಹುಳ ತಿಂದಿದೆ. ಉಳಿದಿದ್ದು: '...ವರ್ಮ ಪ್ರೆಸ್, ಕಾರ್ಲಾ, ಲೋನಾವ್ಲಾ'. ಬಲಗಡೆ ಒಂದು ನಂಬರ್ ಇದ್ದ ಹಾಗಿದೆ, ಮೊದಲ ಅಂಕಿ ಮಾತ್ರ ಕಾಣುತ್ತೆ.

ದೊಡ್ಡಪ್ಪ ಎರಡು ಸಲ ಓದಿದರು. 'ಪ್ರೆಸ್ ಅಂತ ಅವರೇ ಬರೆದಿದ್ದಾರಲ್ಲ' ಅಂತ ಎದ್ದುಹೋದರು.

ಪಾವಗಡದ ಮೇಷ್ಟ್ರು (6:45)

ವಿಳಾಸ ಸಿಕ್ಕಿದ್ದು ದೊಡ್ಡದು. ರವಿ ವರ್ಮ ಪ್ರೆಸ್ ಶುರುವಾಗಿದ್ದು 1894ರಲ್ಲಿ, ಮುಂಬೈಯಲ್ಲಿ. ಲೋನಾವ್ಲಾ ಹತ್ತಿರ ಮಳವಳಿ, ಕಾರ್ಲಾ ಕಡೆಗೆ ಹೋಗಿದ್ದು ಕೆಲವು ವರ್ಷ ಆದ ಮೇಲೆ. ಹಾಗಾಗಿ ಇದು ಮುಂಬೈ ಕಾಲದ ಮೊದಲ ಅಚ್ಚುಗಳಲ್ಲಿ ಒಂದಲ್ಲ. (ನಮ್ಮ ಮಂಡ್ಯದ ಮಳವಳ್ಳಿ ಅಲ್ಲ ಮತ್ತೆ. ನಾನೇ ಮೊದಲ ಸಲ ಓದಿದಾಗ ಹಾಗೆ ಅಂದುಕೊಂಡಿದ್ದೆ.)

ರವಿ ವರ್ಮ ತೀರಿಕೊಂಡಿದ್ದು 1906ರಲ್ಲಿ. ಅಂದ್ರೆ ಇದು ಅವರು ಇದ್ದಾಗಲೇ ಅಚ್ಚಾಗಿದ್ದು ಅನ್ನಬಹುದಲ್ವಾ?

ಕಾಗದದ ಅಕ್ಕ (7:05)

ಅನ್ನಲು ಬರಲ್ಲ ಮೇಷ್ಟ್ರೇ. ಅಷ್ಟರಲ್ಲಿ ಪ್ರೆಸ್ಸನ್ನು ಅಲ್ಲಿಯ ಜರ್ಮನ್ ತಂತ್ರಜ್ಞ ಶ್ಲೈಷರ್ ಅವರಿಗೆ ಮಾರಿಯಾಗಿತ್ತು. ರವಿ ವರ್ಮ ಹೋದ ಮೇಲೂ ಎಷ್ಟೋ ವರ್ಷ ಅದೇ ಹೆಸರು, ಅದೇ ಸಹಿ, ಅದೇ ಚಿತ್ರಗಳು ಅಚ್ಚಾಗಿ ಹೊರಗೆ ಬಂದವು. ವಿಳಾಸ 'ಇದಕ್ಕಿಂತ ಮುಂಚೆ ಅಲ್ಲ' ಅಂತ ಹೇಳುತ್ತೆ. 'ಇದಕ್ಕಿಂತ ಆಮೇಲೆ ಅಲ್ಲ' ಅಂತ ಹೇಳಲ್ಲ. ರಬ್ಬರ್ ಸ್ಟಾಂಪ್ ಥರಾನೇ.

ಆ ಸಾಲೇ ನಕಲಾಗಿರುವ ಹೊಸ ಪ್ರತಿಗಳೂ ಇವೆ. ಹಳೇ ಪಟವನ್ನು ಸ್ಕ್ಯಾನ್ ಮಾಡಿ ಆಫ್‌ಸೆಟ್ಟಲ್ಲಿ ಹೊಡೆದರೆ ಅಂಚಿನ ಸಾಲೂ ಬಂದೇ ಬರುತ್ತೆ. ನಿಮ್ಮ ಪಟದಲ್ಲಿ ಕಾಳು ಚುಕ್ಕಿ ಇದೆ, ಹೂವಿಲ್ಲ. ಹಾಗಾಗಿ ಆ ಭಯ ಇಲ್ಲ. ಅಲ್ಲಿಗೆ ಆಫ್‌ಸೆಟ್ ಅಣ್ಣನ ಪರೀಕ್ಷೆ ಕೊನೆಗೂ ಕೆಲಸಕ್ಕೆ ಬಂತು ನೋಡಿ.

ತುಮಕೂರು ಆಫ್‌ಸೆಟ್ (7:09)

ಸದ್ಯ, ಮರ್ಯಾದೆ ಉಳೀತು.

ಶಿಡ್ಲಘಟ್ಟದ ಹುಡುಗ (7:30)

ಒಂದು ಹೇಳೋದು ಮರೆತೆ. ಅಜ್ಜಿಯನ್ನು ಚಿನ್ನದ ಬಣ್ಣದ ಬಗ್ಗೆ ಕೇಳಿದೆ. 'ನಮ್ಮತ್ತೆ ಹಚ್ಚಿದ್ದು' ಅಂದರು. ಆಮೇಲೆ ಸ್ವಲ್ಪ ಯೋಚಿಸಿ, 'ಇಲ್ಲ, ಅದು ಲಕ್ಷ್ಮಿ ಪಟಕ್ಕೆ. ಇದು ಬರುವಾಗಲೇ ಹೀಗಿತ್ತು' ಅಂದರು. ಲಕ್ಷ್ಮಿ ಪಟ ಈಗ ಚಿಕ್ಕಪ್ಪನ ಮನೆಯಲ್ಲಿದೆ.

ಇನ್ನೊಂದು, ಈಗ ಇದಕ್ಕೆ ಎಷ್ಟು ಬೆಲೆ ಅಂತ ಹೇಳಬೇಕು? ಮತ್ತೆ ಅದೇ ಕಟ್ಟಿಗೆ ಹಾಕಲಾ?

ಕಾಗದದ ಅಕ್ಕ (7:52)

ಬೆಲೆ ನಾನು ಹೇಳಲ್ಲ. ಹಳೇ ಕಲ್ಲಚ್ಚಿನ ಪಟಕ್ಕೆ ಕೊಳ್ಳುವವರು ಇದ್ದಾರೆ, ಆದರೆ ಎಣ್ಣೆಬಣ್ಣದ ಮೂಲ ಚಿತ್ರದ ಬೆಲೆಗೂ ಇದಕ್ಕೂ ಸಂಬಂಧ ಇಲ್ಲ. ನಿಮಗೆ 'ಲಕ್ಷ' ಅಂದವರು ಯಾವ ಲಕ್ಷ್ಯದಲ್ಲಿ ಅಂದರೋ. ಮಾರುವುದಾದರೆ 'ರವಿ ವರ್ಮ ಚಿತ್ರ' ಅಂತ ಬರೆದುಕೊಡಬೇಡಿ. 'ರವಿ ವರ್ಮ ಪ್ರೆಸ್ಸಿನ ಅಚ್ಚು, ಮೇಲೆ ಕೈಯಿಂದ ಚಿನ್ನದ ಬಣ್ಣ, ಎಡ ಅಂಚು ಹುಳ ತಿಂದಿದೆ' ಅಂತ ಬರೆಯಿರಿ.

ಕಟ್ಟು ಅದೇ ಇರಲಿ, ಚೆನ್ನಾಗಿದೆ. ಹುಳ ತಿಂದ ರಟ್ಟನ್ನು ನೀವು ಕೀಳಬೇಡಿ. ಗಾಜಿಗೂ ಹಾಳೆಗೂ ನಡುವೆ ಸುತ್ತ ಒಂದು ರಟ್ಟಿನ ಪಟ್ಟಿ ಕೊಡಿಸಿ, ಹಾಳೆ ಗಾಜಿಗೆ ತಾಗಬಾರದು.

ಕಟ್ಟಿನ ಅಂಗಡಿ (8:05)

ಆ ಪಟ್ಟಿಯನ್ನು ಕೆಳಗಡೆ ಮಾತ್ರ ಕಿರಿದು ಮಾಡಿಸು ತಮ್ಮಾ. ಪ್ರೆಸ್ಸಿನ ಸಾಲು ಕಾಣಲಿ. ಹಾರ್ಡ್‌ಬೋರ್ಡ್ ಬದಲಾಯಿಸಿದರೂ ಆ ನೇರಳೆ ಮುದ್ರೆ ಇರುವ ತುಂಡು ಬಿಸಾಡಬೇಡ, ಹಿಂದೆ ಸಿಕ್ಕಿಸಿಡು.

ಗೌರಿಬಿದನೂರು ನಂಜು (8:20)

ಎಲ್ಲ ಓದಿದೆ. ನಮ್ಮ ಕ್ರಯಪತ್ರದ ಸೀಲಲ್ಲೂ ಕೋಲಾರ ಜಿಲ್ಲೆ ಅಂತಿದೆ, ಪಿನ್‌ಕೋಡ್ ಇಲ್ಲ. ಹಾಗಾದರೆ 1972ಕ್ಕೆ ಮುಂಚೆನಾ?

ಪಾವಗಡದ ಮೇಷ್ಟ್ರು (8:31)

ನಂಜಣ್ಣ, ಪಿನ್‌ಕೋಡ್ ಇದ್ದರೆ 1972 ಆದ ಮೇಲೆ. ಇಲ್ಲದಿದ್ದರೆ ಮುಂಚೆ ಅಂತೇನಿಲ್ಲ. ಈಗಲೂ ಎಷ್ಟೋ ಸೀಲಲ್ಲಿ ಇರಲ್ಲ.

ಶಿಡ್ಲಘಟ್ಟದವರೇ, ಆ ನಂಬರಿನ ಮೊದಲ ಅಂಕಿ ಯಾವುದು ಅಂತ ಹೇಳಲೇ ಇಲ್ಲ. ನಮ್ಮ ಅಕ್ಕನ ಮನೆ ಮಧುಗಿರಿಯಲ್ಲಿ ಇದೇ ಸರಸ್ವತಿ ಇದೆ, ಕಟ್ಟಿಲ್ಲದೆ ಸುರುಳಿ ಸುತ್ತಿ ಅಟ್ಟದ ಮೇಲಿಟ್ಟಿದ್ದಾರೆ. ಅಂಚು ಪೂರ್ತಿ ಇರಬೇಕು. ಮುಂದಿನ ಭಾನುವಾರ ಹೋಗ್ತಿದ್ದೀನಿ, ಫೋಟೋ ತೆಗೆದು ಹಾಕ್ತೀನಿ.

ಕಾಗದದ ಅಕ್ಕ (8:34)

ಮೇಷ್ಟ್ರೇ, ಸುರುಳಿ ಬಿಚ್ಚಬೇಡಿ! ವಾರ್ನಿಷ್ ಗರಿಗರಿ ಆಗಿರುತ್ತೆ, ಸೀಳಿಹೋಗುತ್ತೆ. ಹೊರಗಡೆ ಕಾಣುವ ಅಂಚು ಎಷ್ಟಿದೆಯೋ ಅಷ್ಟರದ್ದೇ ತೆಗೆದು ಕಳಿಸಿ. ಹೋಗುವ ಮುಂಚೆ ನನಗೆ ಒಂದು ಫೋನ್ ಮಾಡಿ.

ಶಿಡ್ಲಘಟ್ಟದ ಹುಡುಗ (8:50)

ಮೊದಲ ಅಂಕಿ 4 ಅಥವಾ 1. ದೊಡ್ಡಪ್ಪ 4 ಅಂತಾರೆ, ಅಜ್ಜಿ 1 ಅಂತಾರೆ. ಫೋಟೋ ಡಾಕ್ಯುಮೆಂಟ್ ಆಗಿ ಹಾಕಿದ್ದೀನಿ, ನೀವೇ ನೋಡಿ.